ಪಿಎಚ್.ಡಿ. ಕೆಲಸ ಹಿಂದೆ ಬಿದ್ದಾಗ ಗೈಡ್‌ಗೆ ಬರೆಯುವ ಇಮೇಲ್: ಲೆಕ್ಕ ಹಾಕುವುದರಿಂದ ಕಳುಹಿಸುವವರೆಗೆ

ಧಾರವಾಡದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು, ಗದಗ ಅಥವಾ ಹಾವೇರಿ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಕೆಲಸ ಬಹಳ ಹಿಂದೆ ಬಿದ್ದಿದೆ, ಸರ್‌ಗೆ ಏನಂತ ಬರೆಯಲಿ?" ವಿಭಾಗದ ಪಡಸಾಲೆಯಲ್ಲಿ ಎದುರಾದಾಗ "ಆಗೇತ್ರೀ ಸರ, ಇನ್ನ ಸ್ವಲ್ಪ ಉಳದೈತಿ" ಎಂದು ಹೇಳಿ ಪಾರಾಗಬಹುದು. ಆದರೆ ಆರು ತಿಂಗಳಿಗೊಮ್ಮೆ ಬರುವ ಪ್ರಗತಿ ವರದಿಯಲ್ಲಿ "ಸ್ವಲ್ಪ" ಎಂದರೆ ಎಷ್ಟು ಎಂದು ಬರೆಯಲೇಬೇಕಾಗುತ್ತದೆ, ಅದಕ್ಕೆ ಗೈಡ್ ಸಹಿಯೂ ಬೇಕು. ಆ ವರದಿ ಬರುವ ಮೊದಲೇ ನೀವೇ ಬರೆದು ತಿಳಿಸುವುದು ಲೇಸು.

ಇಂಥ ಇಮೇಲ್‌ನಲ್ಲಿ ಕಷ್ಟದ ಭಾಗ ಭಾಷೆ ಎಂದು ಬಹಳ ಜನ ತಿಳಿದಿದ್ದಾರೆ. ಭಾಷೆ ಅರ್ಧ ತಾಸಿನ ಕೆಲಸ. ಅದರ ಹಿಂದಿನ ಲೆಕ್ಕಕ್ಕೆ ಎರಡು ಸಂಜೆ ಬೇಕು. ಹಳೆಯ ವೇಗವನ್ನು ಅಳೆಯದೆ ಹೊಸ ವೇಳಾಪಟ್ಟಿ ಕೊಟ್ಟರೆ ಅದು ಇನ್ನೊಂದು ಸುಳ್ಳು ದಿನಾಂಕವಾಗುತ್ತದೆ, ಮತ್ತು ಗೈಡ್‌ಗಳು ಅದನ್ನು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಹಾಗಾಗಿ ಈ ಲೇಖನದ ಹೆಚ್ಚಿನ ಜಾಗ ಲೆಕ್ಕಕ್ಕೇ ಹೋಗಿದೆ.

ತಿಳಿಯಲು ಸುಲಭವಾಗಲೆಂದು ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಅರ್ಥಶಾಸ್ತ್ರದ ಸಂಶೋಧಕಿಯೊಬ್ಬರು 2023ರ ಮಾರ್ಚ್‌ನಲ್ಲಿ ಪ್ರವೇಶ ಪಡೆದಿದ್ದಾರೆ. ವಿಷಯ, ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರಿಗೆ ಮಾರಾಟದಲ್ಲಿ ತಗಲುವ ಖರ್ಚು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ತಾಲ್ಲೂಕುಗಳಲ್ಲಿ ತಲಾ 80ರಂತೆ 240 ರೈತರನ್ನು ಸಂದರ್ಶಿಸಬೇಕು. ಅವರು ಅತಿಥಿ ಉಪನ್ಯಾಸಕಿ, ವಾರಕ್ಕೆ 15 ತಾಸು ಪಾಠ. 2026ರ ಡಿಸೆಂಬರ್‌ಗೆ ಮಹಾಪ್ರಬಂಧ ಸಲ್ಲಿಸುವುದಾಗಿ ಒಪ್ಪಿದ್ದರು. ಈಗ 2025ರ ನವೆಂಬರ್ ನಡುಭಾಗ, ಆಗಿರುವ ಸಂದರ್ಶನ 132.

1. ಮೊದಲು ನಿಯಮದ ಗಡುವು ತಿಳಿದುಕೊಳ್ಳಿ

ನಿಮ್ಮ ಬಳಿ ಒಟ್ಟು ಎಷ್ಟು ಕಾಲ ಉಳಿದಿದೆ ಎಂಬುದು ಗೊತ್ತಿಲ್ಲದೆ ವೇಳಾಪಟ್ಟಿ ಬರೆಯಲಾಗದು. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಪ್ರವೇಶದ ದಿನದಿಂದ ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷದವರೆಗೆ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ, ಒಟ್ಟು 10 ದಾಟುವಂತಿಲ್ಲ. ಈ ನಿಯಮಾವಳಿ ಪ್ರಕಟವಾದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ನೋಂದಾಯಿಸಿದವರಿಗೆ ಹಿಂದಿನ ನಿಯಮವೇ ಅನ್ವಯಿಸುತ್ತದೆ. ವಿಶ್ವವಿದ್ಯಾಲಯದ ಸ್ವಂತ ನಿಯಮ ಇನ್ನಷ್ಟು ಬಿಗಿಯಾಗಿರಬಹುದು, ಆದ್ದರಿಂದ ನಿಮ್ಮ ನೋಂದಣಿ ಪತ್ರ ತೆಗೆದು ಅದರ ಮೇಲಿನ ದಿನಾಂಕ ಮತ್ತು ಷರತ್ತು ಓದಿ.

ನಮ್ಮ ಉದಾಹರಣೆಯಲ್ಲಿ 6 ವರ್ಷ ಮುಗಿಯುವುದು 2029ರ ಮಾರ್ಚ್‌ಗೆ. ಮುಂದೆ ಬರುವ ವೇಳಾಪಟ್ಟಿಯಂತೆ ಸಲ್ಲಿಕೆ ಒಂಬತ್ತು ತಿಂಗಳು ತಡವಾದರೂ ನಿಯಮ ಮೀರುವುದಿಲ್ಲ. ಇಮೇಲ್‌ನಲ್ಲಿ ಇದನ್ನು ಒಂದೇ ಸಾಲಿನಲ್ಲಿ ಹೇಳಿದರೆ ಗೈಡ್‌ನ ಮೊದಲ ಆತಂಕ ಕಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗೈಡ್‌ಗೆ ಬರೆಯುವ ಇಮೇಲ್ ಅವಧಿ ವಿಸ್ತರಣೆಯ ಅರ್ಜಿ ಅಲ್ಲ. ಗಡುವು ನಿಜವಾಗಿಯೂ ಮೀರುವಂತಿದ್ದರೆ ಗೈಡ್ ಮತ್ತು ವಿಭಾಗದ ಮೂಲಕ, ಶುಲ್ಕ ತುಂಬಿ, ಪ್ರತ್ಯೇಕ ಅರ್ಜಿ ಹೋಗಬೇಕು. "ಸರ್‌ಗೆ ಮೇಲ್ ಮಾಡಿದ್ದೆ" ಎಂಬ ಧೈರ್ಯದಲ್ಲಿ ಕೂತರೆ ಗಡುವು ದಾಟಿದ ಮೇಲೆ ಆ ಮಾತನ್ನು ಯಾರೂ ಕೇಳುವುದಿಲ್ಲ.

2. ಕೈಯಲ್ಲಿ ಇರುವುದನ್ನು ಎಣಿಸಿ

"ಶೇ. 60ರಷ್ಟು ಮುಗಿದಿದೆ" ಎಂದು ಬರೆಯಬೇಡಿ. ಆ ಶೇಕಡಾ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಎಣಿಸಬಹುದಾದದ್ದನ್ನು ಮಾತ್ರ ಬರೆಯಿರಿ. ಎಷ್ಟು ಸಂದರ್ಶನ ಆಗಿದೆ, ಎಷ್ಟು ಪ್ರಶ್ನಾವಳಿ ಕಂಪ್ಯೂಟರಿಗೆ ಏರಿದೆ, ಯಾವ ಅಧ್ಯಾಯದ ಕರಡು ಯಾರ ಬಳಿ ಯಾವಾಗಿನಿಂದ ಇದೆ. ಶಾಸನಗಳ ಮೇಲೆ ಕೆಲಸ ಮಾಡುವವರಾದರೆ ಓದಿ ಟಿಪ್ಪಣಿ ಮಾಡಿದ ಶಾಸನಗಳ ಸಂಖ್ಯೆ, ಜಾನಪದದವರಾದರೆ ಧ್ವನಿಮುದ್ರಿಸಿದ ತಾಸು ಮತ್ತು ಅದರಲ್ಲಿ ಬರಹಕ್ಕೆ ಇಳಿಸಿದ ತಾಸು. ಈ ಎರಡನೆಯದನ್ನು ಬೇರೆಯಾಗಿ ಹೇಳುವುದು ಮುಖ್ಯ, ಏಕೆಂದರೆ ಮುದ್ರಿಸಿಕೊಂಡು ಬಂದದ್ದೆಲ್ಲ ಕೆಲಸ ಆದಂತೆ ಕಾಣುತ್ತದೆ, ಬರಹಕ್ಕೆ ಇಳಿಸುವಾಗ ತಿಂಗಳುಗಳು ಕರಗುತ್ತವೆ.

ನಮ್ಮ ಸಂಶೋಧಕಿ ಎಣಿಸಿದಾಗ ಸಿಕ್ಕಿದ್ದು ಇಷ್ಟು. ಸಂದರ್ಶನ 132: ಬ್ಯಾಡಗಿ 80, ಹಾವೇರಿ 40, ರಾಣೆಬೆನ್ನೂರು 12. ಕಂಪ್ಯೂಟರಿಗೆ ಏರಿಸಿದ್ದು 60 ಪ್ರಶ್ನಾವಳಿ ಮಾತ್ರ. ಮೊದಲ ಅಧ್ಯಾಯದ ಕರಡು ಮುಗಿದಿದೆ. ಎರಡನೆಯದು, ಅಂದರೆ ಹಿಂದಿನ ಅಧ್ಯಯನಗಳ ಸಮೀಕ್ಷೆ, ಗೈಡ್ ತಿದ್ದುಪಡಿ ಸೂಚಿಸಿ ಜುಲೈ 9ರಂದು ಮರಳಿಸಿದ್ದಾರೆ. ಅದನ್ನು ನಾಲ್ಕು ತಿಂಗಳಿಂದ ಮುಟ್ಟಿಲ್ಲ. ಈ ಕೊನೆಯ ಸಂಗತಿ ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಮರಳಿಸಿದ ದಿನ ಗೈಡ್‌ಗೆ ಗೊತ್ತೇ ಇದೆ. ಮುಚ್ಚಿಟ್ಟರೆ ಉಳಿದ ಅಂಕಿಗಳ ಮೇಲೂ ಸಂಶಯ ಬರುತ್ತದೆ.

3. ನಿಮ್ಮ ನಿಜವಾದ ವೇಗ ಅಳೆಯಿರಿ

ಇದು ಬಹುತೇಕರು ಬಿಟ್ಟುಬಿಡುವ ಹಂತ. ಬೇಕಾಗುವುದು ಎರಡು ಅಂಕಿ: ಕೆಲಸಕ್ಕೆ ಕೂತ ದಿನ ಎಷ್ಟು ಕೆಲಸವಾಗುತ್ತದೆ, ಮತ್ತು ಕೂರುತ್ತೇನೆ ಎಂದುಕೊಂಡ ದಿನಗಳಲ್ಲಿ ನಿಜವಾಗಿ ಕೂತದ್ದು ಎಷ್ಟು. ಮೊದಲನೆಯದು ಎಲ್ಲರಿಗೂ ಗೊತ್ತಿರುತ್ತದೆ. ವೇಳಾಪಟ್ಟಿ ಮುರಿಯುವುದು ಎರಡನೆಯದರಿಂದ. ಅದಕ್ಕೆ ಡೈರಿ, ಬಸ್ ಟಿಕೆಟ್, ಫೋನಿನಲ್ಲಿ ಉಳಿದ ಫೋಟೊಗಳ ದಿನಾಂಕ, ಪ್ರಶ್ನಾವಳಿಯ ಮೇಲೆ ಬರೆದ ದಿನಾಂಕ ಇವನ್ನೆಲ್ಲ ಮುಂದಿಟ್ಟುಕೊಂಡು ನೋಡಿ.

ಸಂಶೋಧಕಿ ಕಳೆದ ಹಂಗಾಮಿನಲ್ಲಿ 48 ದಿನ ಹಳ್ಳಿಗೆ ಹೋಗಬೇಕೆಂದು ಗುರುತು ಹಾಕಿಕೊಂಡಿದ್ದರು, ಹೋದದ್ದು 33 ದಿನ. ಮದುವೆ, ಪರೀಕ್ಷಾ ಕೆಲಸ, ಬಸ್ ತಪ್ಪಿದ್ದು, ಮನೆಯವರ ಅನಾರೋಗ್ಯ, ಕಾರಣ ಏನೇ ಇರಲಿ, ನೂರಕ್ಕೆ ಸುಮಾರು 69 ದಿನ ಮಾತ್ರ ಕೈಗೆ ಸಿಕ್ಕಿದೆ. 33 ದಿನಕ್ಕೆ 132 ಸಂದರ್ಶನ ಎಂದರೆ ದಿನಕ್ಕೆ 4.

ಈಗ ಮುಂದಿನ ಹಂಗಾಮು ನೋಡೋಣ. ಉಳಿದಿರುವುದು 108 ಸಂದರ್ಶನ, ಅಂದರೆ 27 ದಿನದ ಕೆಲಸ. ಈ ಕೆಲಸವನ್ನು ಯಾವಾಗ ಬೇಕಾದರೂ ಮಾಡಲಾಗದು. ಜನವರಿಯಿಂದ ಏಪ್ರಿಲ್‌ವರೆಗೆ ರೈತರು ಮಾಲು ಮಾರಿರುತ್ತಾರೆ, ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿ ಮನೆಯಲ್ಲೇ ಇರುತ್ತದೆ, ಹಮಾಲಿ ಎಷ್ಟು ಕೊಟ್ಟೆವು, ಗಾಡಿ ಬಾಡಿಗೆ ಎಷ್ಟಾಯಿತು ಎಂಬುದು ನೆನಪಿರುತ್ತದೆ. ಮುಂಗಾರು ಬಂದ ಮೇಲೆ ಹೋದರೆ ಅವರು ಹೊಲದಲ್ಲಿರುತ್ತಾರೆ, ಸಿಕ್ಕರೂ ಅಂದಾಜಿನ ಅಂಕಿ ಹೇಳುತ್ತಾರೆ. ಬ್ಯಾಡಗಿ ಪೇಟೆ ನಡೆಯುವ ಸೋಮವಾರ ಮತ್ತು ಗುರುವಾರ ಹಳ್ಳಿಯಲ್ಲಿ ರೈತರು ಸಿಗುವುದು ಕಷ್ಟ. ಹಾಗಾಗಿ ಉಳಿದದ್ದು ರವಿವಾರ ಮತ್ತು ಪಾಠವಿಲ್ಲದ ಬುಧವಾರ.

ಜನವರಿ 18ರಿಂದ ಏಪ್ರಿಲ್ 29ರವರೆಗೆ 15 ರವಿವಾರ, 15 ಬುಧವಾರ, ಒಟ್ಟು 30 ದಿನ ಬರುತ್ತವೆ. "27 ದಿನ ಬೇಕು, 30 ಇವೆ, ಸಾಕು" ಎಂದು ಬರೆಯುವ ಆಸೆಯಾಗುತ್ತದೆ. ಹಳೆಯ ಲೆಕ್ಕದಂತೆ 30ರಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 21 ದಿನ. ಶಿವರಾತ್ರಿಯೇ ಒಂದು ರವಿವಾರ ಬಿದ್ದಿದೆ. 21 ದಿನಕ್ಕೆ 84 ಸಂದರ್ಶನ. 108 ಆಗುವುದಿಲ್ಲ.

ಈ 24ರ ಕೊರತೆಯೇ ಇಡೀ ಇಮೇಲ್‌ನ ತಿರುಳು. ಇದನ್ನು ಈಗ ನವೆಂಬರ್‌ನಲ್ಲಿ ಹೇಳಿದರೆ ಗೈಡ್‌ಗೆ ನಿರ್ಧಾರ ಮಾಡಲು ಅವಕಾಶವಿದೆ. ಮೇ ತಿಂಗಳಲ್ಲಿ ಹೇಳಿದರೆ ಮುಂದಿನ ಜನವರಿಯವರೆಗೆ ಕಾಯುವುದೊಂದೇ ದಾರಿ.

ಬರವಣಿಗೆಗೂ ಇದೇ ಅಳತೆ ಹಾಕಿ. ಮೊದಲ ಎರಡು ಅಧ್ಯಾಯಗಳಿಗೆ ತಲಾ ಮೂರು ತಿಂಗಳು ಹಿಡಿದಿದ್ದರೆ ಮುಂದಿನದಕ್ಕೂ ಮೂರು ತಿಂಗಳೇ ಎಂದು ಇಟ್ಟುಕೊಳ್ಳಿ. ರಜೆಯಲ್ಲಿ ತಿಂಗಳಿಗೊಂದು ಅಧ್ಯಾಯ ಬರೆಯುತ್ತೇನೆ ಎಂಬುದು ಲೆಕ್ಕವಲ್ಲ, ಹರಕೆ. ಪ್ರಶ್ನಾವಳಿ ಏರಿಸುವ ಕೆಲಸ ಅಳೆಯಲು ಇನ್ನೂ ಸುಲಭ. ಒಂದಕ್ಕೆ 25 ನಿಮಿಷ ಎಂದರೆ ಉಳಿದ 72ಕ್ಕೆ 30 ತಾಸು, ವಾರಕ್ಕೆ 5 ತಾಸಿನಂತೆ 6 ವಾರ. ಅಂದರೆ ಹಂಗಾಮು ಶುರುವಾಗುವ ಮೊದಲೇ, ಡಿಸೆಂಬರ್ ಕೊನೆಗೆ ಮುಗಿಯುತ್ತದೆ.

4. ಕಾರಣಗಳನ್ನು ಬೇರೆ ಬೇರೆ ಮಾಡಿ

ತಡಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಕಾರಣ ಇರುತ್ತವೆ. ನಿಮ್ಮ ಕೈಯಲ್ಲಿ ಇಲ್ಲದ್ದು, ನೀವು ಅಂದಾಜು ತಪ್ಪಿದ್ದು, ನೀವು ಮಾಡದೆ ಬಿಟ್ಟದ್ದು. ಮೂರನ್ನೂ ಕಲಸಿ "ಅನಿವಾರ್ಯ ಕಾರಣಗಳಿಂದ" ಎಂದು ಬರೆದರೆ ಓದುವವರಿಗೆ ಎಲ್ಲವೂ ನೆಪವಾಗಿ ಕಾಣುತ್ತದೆ. ಒಂದೊಂದಕ್ಕೆ ಒಂದು ವಾಕ್ಯ ಸಾಕು. ನಮ್ಮ ಸಂಶೋಧಕಿ ಬರೆಯಬೇಕಾದದ್ದು ಹೀಗೆ: ಪಾಠದ ಹೊರೆ ವಾರಕ್ಕೆ 15 ತಾಸು ಆಯಿತು. ಸಂದರ್ಶನಕ್ಕೆ ಅರ್ಧ ತಾಸು ಸಾಕೆಂದು ಅಂದಾಜು ಮಾಡಿದ್ದೆ, ಒಂದು ತಾಸು ಹಿಡಿಯಿತು. ಎರಡನೆಯ ಅಧ್ಯಾಯದ ತಿದ್ದುಪಡಿಯನ್ನು ನಾನೇ ಮುಂದೂಡುತ್ತ ಬಂದೆ.

ಆರೋಗ್ಯ ಅಥವಾ ಮನೆಯ ಕಾರಣ ಇದ್ದರೆ ಅದರ ವಿವರ ಗೈಡ್‌ಗೆ ಬೇಕಿಲ್ಲ. "ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಆರೋಗ್ಯದ ಕಾರಣದಿಂದ ಕೆಲಸ ಮಾಡಲಾಗಲಿಲ್ಲ, ಈಗ ಗುಣವಾಗಿದೆ" ಎಂದರೆ ಆಯಿತು. ಅವಧಿ ಮತ್ತು ಈಗಿನ ಸ್ಥಿತಿ ತಿಳಿದರೆ ಅವರು ಮುಂದಿನದನ್ನು ಯೋಚಿಸಬಲ್ಲರು. ಇನ್ನೂ ಗುಣವಾಗಿಲ್ಲದಿದ್ದರೆ ಅದನ್ನೇ ಬರೆದು, ವೇಳಾಪಟ್ಟಿಯನ್ನು ಅದಕ್ಕೆ ತಕ್ಕಂತೆ ಇಳಿಸಿ. ಹೆರಿಗೆ ಅಥವಾ ಮಗುವಿನ ಆರೈಕೆ ರಜೆ ಬೇಕಿದ್ದವರಿಗೆ 2022ರ ನಿಯಮಾವಳಿಯಲ್ಲಿ 240 ದಿನದವರೆಗೆ ಅವಕಾಶವಿದೆ. ಅದನ್ನು ತಡದ ಕಾರಣವಾಗಿ ಹೇಳಿಕೊಳ್ಳುವುದಕ್ಕಿಂತ ರಜೆಯಾಗಿ ಮಂಜೂರು ಮಾಡಿಸಿಕೊಳ್ಳುವುದು ಒಳ್ಳೆಯದು.

ತಡವಾಗಿದ್ದು ಗೈಡ್‌ನಿಂದಲೇ ಆಗಿದ್ದರೆ? ಇದೂ ಇರುತ್ತದೆ, ಅಪರೂಪವೇನಲ್ಲ. ದೂರುವ ಮಾತಿಲ್ಲದೆ ದಿನಾಂಕ ಮಾತ್ರ ಹೇಳಿ: "ಜೂನ್ 12ರಂದು ಕಳುಹಿಸಿದ ಮೂರನೆಯ ಅಧ್ಯಾಯದ ಬಗ್ಗೆ ತಮ್ಮ ಅಭಿಪ್ರಾಯ ಬರಬೇಕಿದೆ." ಅದರ ಬೆನ್ನಿಗೇ "ಅದು ಬರುವವರೆಗೆ ನಾಲ್ಕನೆಯ ಅಧ್ಯಾಯದ ಕೋಷ್ಟಕ ಸಿದ್ಧಪಡಿಸುತ್ತಿದ್ದೇನೆ" ಎಂದು ಸೇರಿಸಿ. ಬರೆದದ್ದನ್ನು ಅವರು ಓದಿಲ್ಲ ಎಂದು ನೀವೂ ಕೈಕಟ್ಟಿ ಕೂತಿದ್ದರೆ ತಡದ ಅರ್ಧ ಪಾಲು ನಿಮ್ಮದೇ.

5. ವೇಳಾಪಟ್ಟಿ ಬರೆಯಿರಿ

ಐದಾರು ಸಾಲು ಸಾಕು. ಪ್ರತಿ ಸಾಲಿನಲ್ಲಿ ಒಂದು ದಿನಾಂಕ, ಆ ದಿನ ಗೈಡ್ ಕೈಗೆ ಬರುವ ವಸ್ತು. "ದತ್ತಾಂಶ ವಿಶ್ಲೇಷಣೆ ಆರಂಭ" ಎಂಬ ಸಾಲಿಗೆ ಅರ್ಥವಿಲ್ಲ, ಆರಂಭವಾಯಿತೋ ಇಲ್ಲವೋ ಯಾರೂ ನೋಡಲಾರರು. "ನಾಲ್ಕನೆಯ ಅಧ್ಯಾಯದ ಕರಡು" ಎಂದರೆ ಕೈಗೆ ಬಂದಿತು ಅಥವಾ ಬರಲಿಲ್ಲ.

ಮೊದಲ ದಿನಾಂಕ ಎರಡು ವಾರದೊಳಗೆ ಇರಲಿ, ವಸ್ತು ಸಣ್ಣದಾಗಿರಲಿ. ಆರು ತಿಂಗಳಾಚೆಯ ಮಾತನ್ನು ನಂಬಲು ಗೈಡ್‌ಗೆ ಬೇಕಾದ ಆಧಾರ ಅದೊಂದೇ. ಸಂಶೋಧಕಿಗೆ ಇಲ್ಲಿ ಸಹಜವಾಗಿ ಒದಗುವುದು ಎರಡನೆಯ ಅಧ್ಯಾಯದ ತಿದ್ದಿದ ಪ್ರತಿ. ಅದರ ಜೊತೆ ಗೈಡ್‌ನ ಪ್ರತಿ ಸೂಚನೆಯ ಮುಂದೆ ಏನು ಮಾಡಿದೆ, ಯಾವ ಪುಟದಲ್ಲಿ ಎಂಬ ಒಂದು ಹಾಳೆ ಇಟ್ಟರೆ ಅವರು ಇಡೀ ಅಧ್ಯಾಯ ಮತ್ತೆ ಓದಬೇಕಾಗಿಲ್ಲ.

ಬಹಳ ವೇಳಾಪಟ್ಟಿಗಳು ಕೊನೆಯಲ್ಲಿ ಕುಸಿಯುತ್ತವೆ. ಆರನೆಯ ಅಧ್ಯಾಯ ಮುಗಿದ ಮರುದಿನವೇ ಸಲ್ಲಿಕೆ ಎಂದು ಬರೆದಿರುತ್ತಾರೆ. ನಡುವೆ ಗೈಡ್ ಪೂರ್ತಿ ಓದಬೇಕು, ನೀವು ತಿದ್ದಬೇಕು, ಸಲ್ಲಿಕೆಗೆ ಮುಂಚಿನ ಮಂಡನೆ ಆಗಬೇಕು, ಕೃತಿಚೌರ್ಯ ತಪಾಸಣೆ, ಅಂದರೆ ಬೇರೆಯವರ ಬರಹದ ಜೊತೆ ಹೋಲಿಕೆ ಎಷ್ಟಿದೆ ಎಂಬ ಪರೀಕ್ಷೆ ಆಗಬೇಕು, ಆಮೇಲೆ ಮುದ್ರಣ, ಬೈಂಡಿಂಗ್, ಶುಲ್ಕ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರ ಒಳಗಿರಬೇಕು. ಮೀರಿದರೆ ತಿದ್ದಿ ಮತ್ತೆ ಪರೀಕ್ಷೆಗೆ ಕೊಡಬೇಕಾಗುತ್ತದೆ. ಇದಕ್ಕೆಲ್ಲ ನಾಲ್ಕು ತಿಂಗಳು ಇಡಿ. ಪ್ರತಿ ಅಧ್ಯಾಯಕ್ಕೆ ಗೈಡ್ ಓದಲು ಮೂರು ವಾರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಪರೀಕ್ಷೆ ಮೌಲ್ಯಮಾಪನದ ತಿಂಗಳಲ್ಲಿ ಮೂರು ವಾರವೂ ಸಾಲದು.

6. ಒಂದೇ ನಿರ್ಧಾರ ಕೇಳಿ

"ತಮ್ಮ ಸಲಹೆ ಬೇಕು" ಎಂದು ಮುಗಿಸಿದರೆ ಉತ್ತರ ಬರುವುದು ಅನುಮಾನ. ಏನು ಬೇಕು ಎಂದು ಅವರೇ ಊಹಿಸಬೇಕಾಗುತ್ತದೆ. ಎರಡು ದಾರಿ ಮುಂದಿಟ್ಟು, ನಿಮಗೆ ಯಾವುದು ಸರಿಯೆನಿಸುತ್ತದೆ ಎಂದೂ ಹೇಳಿ ಕೇಳಿ.

ಇಲ್ಲಿ ಮೊದಲ ದಾರಿ, ಮಾದರಿಯನ್ನು 240ರಿಂದ 216ಕ್ಕೆ ಇಳಿಸುವುದು. ಮಾದರಿ ಎಂದರೆ ಅಧ್ಯಯನಕ್ಕೆ ಆರಿಸಿಕೊಂಡ ರೈತರ ಗುಂಪು. ಬ್ಯಾಡಗಿ 80, ಹಾವೇರಿ 80, ರಾಣೆಬೆನ್ನೂರು 56 ಆಗುತ್ತದೆ. ಇದರ ಬೆಲೆ ಏನೆಂದರೆ ರಾಣೆಬೆನ್ನೂರಿನ ಅಂಕಿಗಳು ಉಳಿದೆರಡಕ್ಕಿಂತ ಕಡಿಮೆ ಖಚಿತವಾಗಿರುತ್ತವೆ, ಮೂರು ತಾಲ್ಲೂಕು ಹೋಲಿಸುವಾಗ ಅದನ್ನು ಹೇಳಿಕೊಳ್ಳಬೇಕು. ಎರಡನೆಯ ದಾರಿ, 240 ಉಳಿಸಿಕೊಂಡು ಉಳಿದ 24ನ್ನು 2027ರ ಜನವರಿಗೆ ಇಡುವುದು. ಆಗ ಸಲ್ಲಿಕೆ 2028ಕ್ಕೆ ಹೋಗುತ್ತದೆ. ಜೊತೆಗೆ ಆ 24 ಜನರ ದರ ಬೇರೆ ವರ್ಷದ್ದಾಗಿರುತ್ತದೆ. ಮೆಣಸಿನಕಾಯಿ ದರ ವರ್ಷದಿಂದ ವರ್ಷಕ್ಕೆ ಏರಿಳಿಯುವ ಪರಿಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಮೂರನೆಯ ದಾರಿಯೊಂದು ಇದೆ, ಅದು ಬಲೆ. ಹಳ್ಳಿಯ ಬೆಳೆಗಾರರ ಪಟ್ಟಿಯಿಂದ ಆರಿಸುವುದನ್ನು ಬಿಟ್ಟು, ಪೇಟೆಯ ದಿನ ಎಪಿಎಂಸಿ ಅಂಗಳದಲ್ಲಿ ಸಿಕ್ಕವರನ್ನೇ ಹಿಡಿದು ಕೇಳುವುದು. ದಿನಕ್ಕೆ ಹತ್ತು ಸಂದರ್ಶನ ಆಗಬಹುದು. ಆದರೆ ಹಳ್ಳಿಯಲ್ಲೇ ವ್ಯಾಪಾರಿಗೆ ಮಾರಿದ ಸಣ್ಣ ರೈತ ಅಲ್ಲಿಗೆ ಬರುವುದೇ ಇಲ್ಲ, ಮಾರಾಟದ ಖರ್ಚಿನ ಅಧ್ಯಯನದಲ್ಲಿ ಆತನೇ ಬಿಟ್ಟುಹೋಗುತ್ತಾನೆ. ಹಿಂದೆ ಬಿದ್ದಾಗ ಹೇಳದೆ ವಿಧಾನ ಬದಲಿಸಿದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಅದು ಬಯಲಾಗುತ್ತದೆ. ಮಾದರಿ ಇಳಿಸುವುದೂ ಗೈಡ್ ಒಪ್ಪದೆ ಮಾಡುವ ಕೆಲಸವಲ್ಲ. ಸಂಶೋಧನಾ ಸಲಹಾ ಸಮಿತಿ, ಅಂದರೆ ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ನಿಮ್ಮ ಪ್ರಗತಿ ಕೇಳುವ ತಜ್ಞರ ಸಮಿತಿಯ ಮುಂದೆಯೂ ಅದನ್ನು ಇಡಬೇಕಾಗಬಹುದು.

7. ಇಮೇಲ್ ಬರೆಯಿರಿ

ಗೈಡ್ ನಿಮ್ಮ ಜೊತೆ ಬರವಣಿಗೆಯಲ್ಲಿ ಬಳಸುವ ಭಾಷೆಯಲ್ಲೇ ಬರೆಯಿರಿ. ಮೊದಲ ಎರಡು ವಾಕ್ಯದಲ್ಲಿ ಸುದ್ದಿ ಬರಲಿ. "ತಾವು ಕ್ಷೇಮವೆಂದು ಭಾವಿಸುತ್ತೇನೆ, ತಮ್ಮ ಆಶೀರ್ವಾದದಿಂದ ನಾನೂ..." ಎಂದು ಅರ್ಧ ಪುಟ ಹೋದರೆ ಫೋನಿನಲ್ಲಿ ಓದುವವರು ವಿಷಯಕ್ಕೆ ತಲುಪುವುದೇ ಇಲ್ಲ. ಕ್ಷಮೆ ಒಂದು ಸಲ ಕೇಳಿ. ನಾಲ್ಕು ಸಲ ಕೇಳಿದರೆ ಗೈಡ್ ನಿಮ್ಮನ್ನು ಸಮಾಧಾನ ಮಾಡಲು ಕೂರಬೇಕಾಗುತ್ತದೆ, ನಿರ್ಧಾರ ಹಿಂದೆ ಉಳಿಯುತ್ತದೆ.

ಮಾದರಿ ಹೀಗಿರಬಹುದು:

> ವಿಷಯ: ಪಿಎಚ್.ಡಿ. ಪ್ರಗತಿ, ಪರಿಷ್ಕೃತ ವೇಳಾಪಟ್ಟಿ ಮತ್ತು ಮಾದರಿ ಸಂಖ್ಯೆಯ ಕುರಿತು ತಮ್ಮ ನಿರ್ಧಾರ
>
> ಸರ್, ನಮಸ್ಕಾರ.
>
> ನನ್ನ ಸಂಶೋಧನೆ ಒಪ್ಪಿಕೊಂಡ ವೇಳಾಪಟ್ಟಿಗಿಂತ ಒಂಬತ್ತು ತಿಂಗಳು ಹಿಂದಿದೆ. 2026ರ ಡಿಸೆಂಬರ್‌ಗೆ ಸಲ್ಲಿಸಲು ಆಗುವುದಿಲ್ಲ. 2027ರ ಸೆಪ್ಟೆಂಬರ್‌ಗೆ ಸಾಧ್ಯವೆಂದು ಲೆಕ್ಕ ಹಾಕಿದ್ದೇನೆ. ಆರು ವರ್ಷದ ಅವಧಿ 2029ರ ಮಾರ್ಚ್‌ವರೆಗೆ ಇದೆ.
>
> ಇಂದಿನವರೆಗೆ 240ರಲ್ಲಿ 132 ಸಂದರ್ಶನ ಮುಗಿದಿದೆ (ಬ್ಯಾಡಗಿ 80, ಹಾವೇರಿ 40, ರಾಣೆಬೆನ್ನೂರು 12). ಅದರಲ್ಲಿ 60 ಪ್ರಶ್ನಾವಳಿಗಳನ್ನು ಕಂಪ್ಯೂಟರಿಗೆ ಏರಿಸಿದ್ದೇನೆ. ಒಂದನೆಯ ಅಧ್ಯಾಯದ ಕರಡು ಸಿದ್ಧವಿದೆ. ತಾವು ಜುಲೈ 9ರಂದು ತಿದ್ದುಪಡಿ ಸೂಚಿಸಿ ಮರಳಿಸಿದ ಎರಡನೆಯ ಅಧ್ಯಾಯವನ್ನು ಇನ್ನೂ ತಿದ್ದಿಲ್ಲ.
>
> ಈ ವರ್ಷ ಪಾಠದ ಹೊರೆ ವಾರಕ್ಕೆ 15 ತಾಸು ಇದೆ. ಪ್ರತಿ ಸಂದರ್ಶನಕ್ಕೆ ಅರ್ಧ ತಾಸು ಎಂದು ನಾನು ಅಂದಾಜಿಸಿದ್ದು ತಪ್ಪಾಯಿತು, ಒಂದು ತಾಸು ಬೇಕಾಗುತ್ತಿದೆ. ಎರಡನೆಯ ಅಧ್ಯಾಯದ ವಿಳಂಬ ಮಾತ್ರ ನನ್ನದೇ. ಅದನ್ನು ಮೊದಲೇ ತಿಳಿಸದಿದ್ದಕ್ಕೆ ಕ್ಷಮೆ ಇರಲಿ.
>
> ಮುಂದಿನ ಹಂಗಾಮಿನಲ್ಲಿ ಕ್ಷೇತ್ರಕಾರ್ಯಕ್ಕೆ ನನಗೆ ನಿಜವಾಗಿ ಸಿಗುವುದು 21 ದಿನ, ದಿನಕ್ಕೆ 4ರಂತೆ 84 ಸಂದರ್ಶನ. ಹೀಗಾಗಿ ಒಟ್ಟು 216 ಆಗುತ್ತದೆ, 24 ಕಡಿಮೆ ಬೀಳುತ್ತದೆ. ಮಾದರಿಯನ್ನು 216ಕ್ಕೆ ಇಳಿಸಬಹುದೇ (ರಾಣೆಬೆನ್ನೂರು 56), ಅಥವಾ ಉಳಿದ 24ನ್ನು 2027ರ ಜನವರಿಯಲ್ಲಿ ಮುಗಿಸಬೇಕೇ? ಎರಡನೆಯದಾದರೆ ಸಲ್ಲಿಕೆ 2028ಕ್ಕೆ ಹೋಗುತ್ತದೆ, ದರಗಳೂ ಬೇರೆ ವರ್ಷದ್ದಾಗುತ್ತವೆ. ಮೊದಲನೆಯದು ಸೂಕ್ತವೆಂದು ನನ್ನ ಅನಿಸಿಕೆ. ಹಳ್ಳಿಗಳ ಪಟ್ಟಿ ಅಂತಿಮಗೊಳಿಸಬೇಕಾದ್ದರಿಂದ ಡಿಸೆಂಬರ್ 15ರೊಳಗೆ ತಮ್ಮ ನಿರ್ಧಾರ ತಿಳಿಸಿದರೆ ಅನುಕೂಲ.
>
> 216ನ್ನು ತಾವು ಒಪ್ಪಿದರೆ ವೇಳಾಪಟ್ಟಿ:
> 2025 ಡಿಸೆಂಬರ್ 1: ಎರಡನೆಯ ಅಧ್ಯಾಯದ ತಿದ್ದಿದ ಪ್ರತಿ
> 2025 ಡಿಸೆಂಬರ್ 31: ಈಗಿರುವ 132 ಪ್ರಶ್ನಾವಳಿಗಳ ದತ್ತಾಂಶ ಕಡತ
> 2026 ಏಪ್ರಿಲ್ 30: ಉಳಿದ 84 ಸಂದರ್ಶನ (ಮಾರ್ಚ್ 8ಕ್ಕೆ ಕನಿಷ್ಠ 40)
> 2026 ಜುಲೈ 31: ಮೂರನೆಯ ಅಧ್ಯಾಯ, ಪೂರ್ಣ ದತ್ತಾಂಶ ಕಡತ
> 2026 ಅಕ್ಟೋಬರ್ 31 ಮತ್ತು 2027 ಜನವರಿ 31: ನಾಲ್ಕು, ಐದನೆಯ ಅಧ್ಯಾಯ
> 2027 ಏಪ್ರಿಲ್ 30: ಆರನೆಯ ಅಧ್ಯಾಯ, ಪೂರ್ಣ ಕರಡು
> 2027 ಸೆಪ್ಟೆಂಬರ್: ಸಲ್ಲಿಕೆ
>
> ತಾವು ಹೇಳಿದ ದಿನ ವಿಭಾಗಕ್ಕೆ ಬಂದು ಭೇಟಿಯಾಗುತ್ತೇನೆ. ಬುಧವಾರ ನನಗೆ ಪಾಠ ಇರುವುದಿಲ್ಲ.
>
> ತಮ್ಮ ವಿದ್ಯಾರ್ಥಿನಿ,
> (ಹೆಸರು, ನೋಂದಣಿ ಸಂಖ್ಯೆ, ಫೋನ್)

ಮಾರ್ಚ್ 8ರ ಆ ಸಣ್ಣ ಸಾಲು ಗಮನಿಸಿ. ಅಷ್ಟು ಹೊತ್ತಿಗೆ ಎಂಟು ರವಿವಾರ, ಏಳು ಬುಧವಾರ ಕಳೆದಿರುತ್ತವೆ. 15 ದಿನದಲ್ಲಿ ಹತ್ತು ದಿನವಾದರೂ ಹೋಗಿದ್ದರೆ 40 ಆಗಿರಬೇಕು. ಆಗಿಲ್ಲವಾದರೆ ಹಂಗಾಮು ಮುಗಿಯಲು ಇನ್ನೂ ಏಳು ವಾರ ಇರುವಾಗಲೇ ಗೊತ್ತಾಗುತ್ತದೆ.

8. ಕಳುಹಿಸುವ ಮುನ್ನ

ನುಡಿ ತಂತ್ರಾಂಶದಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿ ಇಮೇಲ್‌ಗೆ ಅಂಟಿಸಿದರೆ ಗೈಡ್ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಕಾಣುತ್ತದೆ. ಇಮೇಲ್‌ನ ಒಡಲನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಅಧ್ಯಾಯ ಹಳೆಯ ಫಾಂಟ್‌ನಲ್ಲಿದ್ದರೆ ಪಿಡಿಎಫ್ ಮಾಡಿ ಲಗತ್ತಿಸಿ. ಗೂಗಲ್ ಡ್ರೈವ್ ಲಿಂಕ್ ಕೊಡುವವರು ಬೇರೆ ಖಾತೆಯಿಂದ ತೆರೆದು ನೋಡಿ. ಅನುಮತಿ ಕೇಳುವ ಪುಟ ಬಂದರೆ ಗೈಡ್ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಕಡತದ ಹೆಸರಿನಲ್ಲಿ ಅಧ್ಯಾಯ ಮತ್ತು ದಿನಾಂಕ ಇರಲಿ:

```
Adhyaya2_2025-12-01.pdf
```

`final_new_final2.docx` ಎಂಬ ಹೆಸರಿನ ಕಡತಗಳು ಗೈಡ್ ಬಳಿ ಈಗಾಗಲೇ ಬೇಕಾದಷ್ಟಿವೆ.

ವಿಭಾಗದ ಮುಖ್ಯಸ್ಥರಿಗೋ ಸಮಿತಿಯ ಸದಸ್ಯರಿಗೋ ಪ್ರತಿ ಹಾಕಬೇಡಿ. ಗೈಡ್ ನೋಡುವ ಮೊದಲೇ ಬೇರೆಯವರಿಗೆ ಸುದ್ದಿ ಹೋದರೆ ಅದು ದೂರಿನಂತೆ ಕಾಣುತ್ತದೆ. ಸಹ ಮಾರ್ಗದರ್ಶಕರು ಇದ್ದರೆ ಅವರಿಗೆ ಮಾತ್ರ ಪ್ರತಿ ಇರಲಿ. ಇಮೇಲ್ ಹೋದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು: "ಸರ್, ಪ್ರಗತಿ ಕುರಿತು ಮೇಲ್ ಕಳುಹಿಸಿದ್ದೇನೆ, ಬಿಡುವಾದಾಗ ನೋಡಿ." ಇಡೀ ವಿಷಯವನ್ನು ವಾಟ್ಸ್ಆ್ಯಪ್‌ನಲ್ಲೇ ಬರೆದರೆ ಆರು ತಿಂಗಳ ನಂತರ ಇಬ್ಬರಿಗೂ ಸಿಗುವುದಿಲ್ಲ.

9. ಉತ್ತರ ಬಂದ ಮೇಲೆ, ಬಾರದಿದ್ದಾಗ

ಹೆಚ್ಚಾಗಿ ಬರುವ ಉತ್ತರ "ಬಂದು ಭೇಟಿಯಾಗಿ" ಎಂಬುದು. ಅದರಲ್ಲಿ ಸಿಟ್ಟು ಹುಡುಕಬೇಡಿ. ಹೋಗುವಾಗ ಇಮೇಲ್‌ನ ಮುದ್ರಿತ ಪ್ರತಿ ಎರಡು ಒಯ್ಯಿರಿ, ಒಂದರ ಮೇಲೆ ಅವರೇ ದಿನಾಂಕ ತಿದ್ದಲಿ. ಅದೇ ಸಂಜೆ ನಾಲ್ಕು ಸಾಲಿನ ಇಮೇಲ್ ಕಳುಹಿಸಿ: ಮಾದರಿ ಎಷ್ಟಕ್ಕೆ ನಿಂತಿತು, ಯಾವ ದಿನಾಂಕ ಬದಲಾಯಿತು, ಸಮಿತಿಯ ಮುಂದೆ ಇಡಬೇಕೇ, ಮುಂದಿನ ಭೇಟಿ ಯಾವಾಗ. ಬಾಯಿಮಾತಿನ ಒಪ್ಪಿಗೆ ಬರಹಕ್ಕೆ ಇಳಿಯುವುದು ಹೀಗೆ. ಆರು ತಿಂಗಳ ಪ್ರಗತಿ ವರದಿಗೂ ಇವೇ ಅಂಕಿ ಹೋಗಬೇಕು. ಇಮೇಲ್‌ನಲ್ಲಿ 132, ವರದಿಯಲ್ಲಿ 150 ಎಂದಿದ್ದರೆ ಸಹಿ ಮಾಡಿದ ಗೈಡ್ ಕೂಡ ಇಕ್ಕಟ್ಟಿಗೆ ಸಿಲುಕುತ್ತಾರೆ.

ಪ್ರಗತಿ ತೃಪ್ತಿಕರವಲ್ಲ ಎಂದು ಸಮಿತಿ ಬರೆದರೂ ಅಲ್ಲಿಗೆ ನೋಂದಣಿ ರದ್ದಾಗುವುದಿಲ್ಲ. ನಿಯಮದಂತೆ ಸಮಿತಿ ಕಾರಣ ದಾಖಲಿಸಿ, ಸರಿಪಡಿಸುವ ಕ್ರಮ ಸೂಚಿಸಬೇಕು. ಆ ಕ್ರಮವನ್ನೂ ಪಾಲಿಸದಿದ್ದರೆ ಮಾತ್ರ ರದ್ದತಿಗೆ ಶಿಫಾರಸು ಮಾಡಬಹುದು. ಗೈಡ್ ಒಪ್ಪಿದ ಪರಿಷ್ಕೃತ ವೇಳಾಪಟ್ಟಿ ಕೈಯಲ್ಲಿದ್ದರೆ ಸಮಿತಿಗೂ ಸೂಚಿಸಲು ಒಂದು ಆಧಾರ ಸಿಗುತ್ತದೆ.

ಹತ್ತು ದಿನ ಕಳೆದರೂ ಉತ್ತರವಿಲ್ಲವಾದರೆ ಅದೇ ಇಮೇಲ್‌ಗೆ ಉತ್ತರವಾಗಿ ಎರಡು ಸಾಲು ಬರೆಯಿರಿ. ಡಿಸೆಂಬರ್ 1ರಂದು ಎರಡನೆಯ ಅಧ್ಯಾಯ ಕಳುಹಿಸುವುದಿದೆಯಲ್ಲ, ನೆನಪಿಸಲು ಅದಕ್ಕಿಂತ ಒಳ್ಳೆಯ ನೆಪ ಬೇಡ. ಉತ್ತರ ಬರಲಿ ಬಿಡಲಿ, ಆ ದಿನಾಂಕ ಮಾತ್ರ ತಪ್ಪಿಸಬೇಡಿ.

ಮುಂದೆ ಯಾವುದಾದರೂ ದಿನಾಂಕ ಮತ್ತೆ ತಪ್ಪುವಂತಿದ್ದರೆ, ತಪ್ಪುವುದಕ್ಕೆ ಒಂದು ವಾರ ಮೊದಲೇ ಬರೆಯಿರಿ. ಮೂರು ವಾಕ್ಯ ಸಾಕು: "ಜುಲೈ 31ಕ್ಕೆ ಕೊಡಬೇಕಿದ್ದ ಮೂರನೆಯ ಅಧ್ಯಾಯ ಆಗಸ್ಟ್ 14ಕ್ಕೆ ಬರುತ್ತದೆ. ಮಾದರಿ ಆಯ್ಕೆಯ ಭಾಗ ಮುಗಿದಿದೆ, ಪ್ರಶ್ನಾವಳಿಯ ವಿವರಣೆ ಬಾಕಿ ಇದೆ. ನಾಲ್ಕನೆಯ ಅಧ್ಯಾಯದ ದಿನಾಂಕ ಬದಲಾಗುವುದಿಲ್ಲ." ಬದಲಾಗುವುದಾದರೆ ಅದನ್ನೂ ಅಲ್ಲೇ ಹೇಳಿ.